ಡ್ಯೂಟಿ ಚಾರ್ಟ್ ಸರಿ ಮಾಡಿದ ಮೇಲೆ ಯಾರೂ ಬಿಟ್ಟು ಹೋಗಿಲ್ಲ

‘ಹೋಟೆಲ್‌ನಲ್ಲಿ ಹದಿನೈದು ದಿನ ಮೊದಲೇ ಚಾರ್ಟ್ ಹಾಕೋಕೆ ಆಗಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ’ ಅಂತ ಇದೇ ಕೆಲಸದಲ್ಲಿರುವ ಗೆಳೆಯರೆಲ್ಲ ಹೇಳಿದ್ದರು. ಈಗ ಒಂಬತ್ತು ತಿಂಗಳಾಯಿತು. ನಡೆಯುತ್ತಿದೆ.

ನಮ್ಮ ಹೋಟೆಲ್‌ನಲ್ಲಿ 14 ಜನ. ಇದಕ್ಕೂ ಮುಂಚೆ ಎರಡೇ ತಿಂಗಳಲ್ಲಿ ಐವರು ಬಿಟ್ಟಿದ್ದರು. ಸಂಬಳ ಸಾಲದೆ ಹೋದರು ಅಂದುಕೊಂಡಿದ್ದೆ. ಕೊನೆಗೆ ಹೋದ ಹಿರಿಯ ಅಡುಗೆಯವರು ಹೇಳಿದ ಮಾತು ಮಾತ್ರ ಬೇರೆ: ‘ನಿಮ್ಮ ಚಾರ್ಟ್ ನಂಬಿ ಮಗಳಿಗೆ ಸ್ಕೂಲಿಗೆ ಬರ್ತೀನಿ ಅಂದಿದ್ದೆ ಸಾರ್. ಹಿಂದಿನ ರಾತ್ರಿ ಹತ್ತು ಗಂಟೆಗೆ ಡ್ಯೂಟಿ ಬದಲಾಯ್ತು ಅಂತ ಮೆಸೇಜ್ ಬಂತು.’

ಅವತ್ತು ರಾತ್ರಿ ಕೂತು ಒಂದು ತಿಂಗಳ ಮೆಸೇಜ್ ಎಲ್ಲ ತೆಗೆದು ಎಣಿಸಿದೆ. ಸುಮಾರು 38 ಬದಲಾವಣೆ. ಹುಷಾರಿಲ್ಲ ಅಂತ ಸಿಬ್ಬಂದಿ ಕೇಳಿದ್ದು ಎಂಟೋ ಒಂಬತ್ತೋ ಇರಬೇಕು. ಉಳಿದದ್ದೆಲ್ಲ ನನ್ನದೇ. ಅದರಲ್ಲೂ ಎರಡೇ ಕಾರಣ. ಬಾಯಲ್ಲಿ ಕೇಳಿದ ರಜೆಗೆ ಹೂಂ ಅಂದು ಮರೆತಿದ್ದು ಒಂದು. ವಾರದ ಕೊನೆಯಲ್ಲಿ ಎಷ್ಟು ಜನ ಬರುತ್ತಾರೆ ಅನ್ನುವ ನನ್ನ ಅಂದಾಜು ತಪ್ಪಿದ್ದು ಇನ್ನೊಂದು.

ರಜೆಗೆ ಒಂದು ಪುಸ್ತಕ ಇಟ್ಟೆ. ಚಾರ್ಟ್ ಹಾಕುವ ಮುಂಚಿನ ಬುಧವಾರದೊಳಗೆ ಬರೆದರೆ ರಜೆ ಸಿಗುತ್ತದೆ, ಬಾಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಎರಡನೆಯದಕ್ಕೆ ದುಡ್ಡು ಖರ್ಚು ಮಾಡಬೇಕಾಯಿತು. ಶುಕ್ರವಾರದಿಂದ ಭಾನುವಾರದವರೆಗೆ ಪ್ರತಿ ಸಂಜೆ ಒಬ್ಬರು ಸ್ಟ್ಯಾಂಡ್‌ಬೈ. ಕರೆಯದಿದ್ದರೂ ಅರ್ಧ ದಿನದ ಸಂಬಳ, ಕರೆದರೆ ಪೂರ್ತಿ. ಕರೆಯದೇ ಹೋದರೂ ವಾರಕ್ಕೆ ಒಂದೂವರೆ ದಿನದ ಸಂಬಳ ಹೋಗುತ್ತದೆ. ‘ಮನೇಲಿ ಕೂತವರಿಗೆ ಸಂಬಳನಾ?’ ಅಂತ ಕೇಳಿದವರಿಗೆ ನನ್ನ ಲೆಕ್ಕ ಇದು. ಹೊಸ ಸಪ್ಲೈಯರ್ ಕೈ ಪಳಗಲು ಮೂರು ವಾರ ಬೇಕು. ಅಷ್ಟು ದಿನ ಪೂರ್ತಿ ಸಂಬಳ, ಅರ್ಧ ಕೆಲಸ. ಅಂದರೆ ಒಂಬತ್ತು ಹತ್ತು ದಿನದ ಸಂಬಳ ನಷ್ಟ. ಒಬ್ಬರು ಬಿಟ್ಟು ಹೋಗದಿದ್ದರೆ ಆರು ವಾರದ ಸ್ಟ್ಯಾಂಡ್‌ಬೈ ಖರ್ಚು ಅಲ್ಲೇ ಗಿಟ್ಟಿತು.

ಬದಲಾವಣೆ ಕಡಿಮೆಯಾಯಿತು, ಮುನಿಸು ಹೋಗಲಿಲ್ಲ. ಎಲ್ಲರಿಗೂ ವಾರಕ್ಕೆ ಆರು ಶಿಫ್ಟ್, ಸಮ ಗಂಟೆ. ಇನ್ನೇನು ಬೇಕು ಅಂತ ನನಗೆ ಬೇಸರವಾಗುತ್ತಿತ್ತು. ಆಮೇಲೆ ಶಿಫ್ಟ್‌ಗಳಿಗೆ ಅಂಕ ಹಾಕಿ ನೋಡಿದೆ. ಬೆಳಗಿನದಕ್ಕೆ 1, ರಾತ್ರಿ ಬಾಗಿಲು ಹಾಕುವ ಶಿಫ್ಟ್‌ಗೆ 2, ಅದೇ ಶನಿವಾರ ಭಾನುವಾರವಾದರೆ 3. ರಾತ್ರಿ 11:30ಕ್ಕೆ ಬೀಗ ಹಾಕಿದವರೇ ಬೆಳಿಗ್ಗೆ 6:30ಕ್ಕೆ ಬಂದು ತೆರೆಯಬೇಕಾದರೆ ಮೇಲೆ ಇನ್ನೂ 3.

ಬಿಟ್ಟು ಹೋದ ಒಬ್ಬ ಸಪ್ಲೈಯರ್ ಹುಡುಗನ ಹಳೇ ವಾರ ತೆಗೆದುಕೊಂಡೆ. ಬೆಳಿಗ್ಗೆ ಎರಡು, ವಾರದ ನಡುವೆ ಎರಡು ರಾತ್ರಿ, ಶನಿವಾರ ಭಾನುವಾರ ಎರಡೂ ರಾತ್ರಿ, ಅದರಲ್ಲಿ ಒಮ್ಮೆ ರಾತ್ರಿ ಮುಗಿಸಿ ಬೆಳಿಗ್ಗೆ ಬಂದದ್ದು. ಒಟ್ಟು 15. ಅದೇ ವಾರ ಇನ್ನೊಬ್ಬನಿಗೆ ಐದು ಬೆಳಗು, ಒಂದು ರಾತ್ರಿ. ಒಟ್ಟು 7. ಇಬ್ಬರದೂ ಆರೇ ಶಿಫ್ಟ್! ಬಿಟ್ಟು ಹೋದ ಆ ಹುಡುಗ ಒಂದು ದಿನವೂ ದೂರು ಹೇಳಿರಲಿಲ್ಲ. ಇಲ್ಲ ಅನ್ನದವನ ಮೇಲೇ ನಾನು ಎಲ್ಲ ಹೇರಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಈಗ ನಾಲ್ಕು ವಾರಕ್ಕೊಮ್ಮೆ ಅಂಕ ಕೂಡಿಸುತ್ತೇನೆ. ಹೆಚ್ಚು ಬಂದವರಿಗೂ ಕಡಿಮೆ ಬಂದವರಿಗೂ ಐದಕ್ಕಿಂತ ಜಾಸ್ತಿ ಅಂತರ ಇರಬಾರದು. ಅಂಕದ ಹಾಳೆ ಚಾರ್ಟ್ ಪಕ್ಕದಲ್ಲೇ ಅಂಟಿಸಿರುತ್ತೇನೆ. ರಾತ್ರಿ ಮುಗಿಸಿ ಬೆಳಿಗ್ಗೆ ಬರುವುದನ್ನಂತೂ ಪೂರ್ತಿ ನಿಲ್ಲಿಸಿದೆ. ರಾತ್ರಿಯಿಂದ ಬೆಳಗಿಗೆ ಬದಲಾಗುವಾಗ ನಡುವೆ ವಾರದ ರಜೆ ಬರಲೇಬೇಕು.

ನಡುವೆ ಒಂದು ಪ್ರಯೋಗ ಕೆಟ್ಟಿತು. ನಿಮ್ಮ ನಿಮ್ಮಲ್ಲೇ ಶಿಫ್ಟ್ ಬದಲಾಯಿಸಿಕೊಳ್ಳಿ ಅಂತ ಬಿಟ್ಟೆ. ಒಬ್ಬ ದುಡ್ಡಿನ ಆಸೆಗೆ ಎಲ್ಲರ ಶಿಫ್ಟ್ ತೆಗೆದುಕೊಂಡು ಒಂಬತ್ತು ದಿನ ಬಿಡದೆ ದುಡಿದ. ಹತ್ತನೇ ದಿನ ಜ್ವರ. ಈಗ ಒಂದೇ ಕೆಲಸದವರು ಮಾತ್ರ ಬದಲಾಯಿಸಿಕೊಳ್ಳಬಹುದು, ಇಬ್ಬರ ವಾರದ ರಜೆಯೂ ಹಾಗೇ ಉಳಿಯಬೇಕು, ಹಾಳೆಯಲ್ಲಿ ಇಬ್ಬರ ಸಹಿ ಇರಬೇಕು.

ಅಡುಗೆಮನೆಯಲ್ಲಿ ಈ ಅಂಕ ಕೆಲಸ ಮಾಡಲಿಲ್ಲ. ಮುಖ್ಯ ಅಡುಗೆಯವರು ಇಬ್ಬರೇ, ಹಂಚಲು ಏನಿದೆ? ಅವರಿಬ್ಬರನ್ನೂ ಕೂರಿಸಿ ಮಾತಾಡಿ ರಜೆಯ ದಿನವನ್ನೇ ಕಾಯಂ ಮಾಡಿದೆ. ಅದನ್ನು ಇವತ್ತಿನವರೆಗೆ ಒಂದು ಸಲವೂ ಮುಟ್ಟಿಲ್ಲ.

ಈಗ ತಿಂಗಳಿಗೆ ನಾಲ್ಕೈದು ಬದಲಾವಣೆ, ಹೆಚ್ಚಿನವು ಹುಷಾರಿಲ್ಲದ್ದಕ್ಕೆ. ಬಿಟ್ಟು ಹೋದ ಆ ಹಿರಿಯ ಅಡುಗೆಯವರಿಗೆ ಹೋದ ತಿಂಗಳು ಫೋನ್ ಮಾಡಿದ್ದೆ. ಚಾರ್ಟ್‌ನ ಫೋಟೋ ಕಳಿಸಿ ಅಂದರು. ಕಳಿಸಿದ್ದೇನೆ.