ಎಷ್ಟು ಜನ ಬರುತ್ತಾರೆಂದು ಗೊತ್ತಿಲ್ಲದಾಗ ಪ್ರವಾಸದ ತಲಾ ದರ ಕಟ್ಟುವುದು

ಮುಂಬೈಯಿಂದ ನಮ್ಮವರನ್ನು ಊರ ಕಡೆ ಕ್ಷೇತ್ರ ದರ್ಶನಕ್ಕೆ ಕರೆದೊಯ್ಯುವ ಪ್ರವಾಸಕ್ಕೆ ನಾನು ದರ ಕಟ್ಟುವ ಕ್ರಮ ಇದು. ಉದಾಹರಣೆಗೆ ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡು, ಧರ್ಮಸ್ಥಳದ ಪ್ರವಾಸವನ್ನೇ ತೆಗೆದುಕೊಳ್ಳುತ್ತೇನೆ. ಕುರ್ಲಾ ಟರ್ಮಿನಸ್‌ನಿಂದ ಮತ್ಸ್ಯಗಂಧದಲ್ಲಿ ಉಡುಪಿಗೆ ಹೋಗಿ, ಅಲ್ಲಿಂದ ವಾಹನದಲ್ಲಿ ನಾಲ್ಕು ದಿನ ಸುತ್ತಿ, ಮೂರು ರಾತ್ರಿ ತಂಗಿ, ಮಂಗಳೂರಿನಿಂದ ಅದೇ ರೈಲಿನಲ್ಲಿ ವಾಪಸ್. ಕೆಳಗಿನ ಮೊತ್ತಗಳು ಲೆಕ್ಕ ಸುಲಭವಾಗಲೆಂದು ದುಂಡಗೆ ಮಾಡಿದವು. ನಿಮ್ಮ ಕೊಟೇಶನ್ ಬಂದಮೇಲೆ ಅವುಗಳ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

ಖರ್ಚನ್ನು ಮೊದಲು ಎರಡು ಪಾಲು ಮಾಡುತ್ತೇನೆ. ಒಬ್ಬ ಹೆಚ್ಚಾದರೆ ಹೆಚ್ಚುವ ಖರ್ಚು ಒಂದು ಕಡೆ: ರೈಲು ಎರಡೂ ಕಡೆ 3,000, ಇಬ್ಬರಿಗೊಂದು ಕೋಣೆಯಂತೆ ಮೂರು ರಾತ್ರಿಗೆ 2,700, ಊಟ ತಿಂಡಿ 2,000, ನೀರು ಇತ್ಯಾದಿ 300. ಒಟ್ಟು ತಲೆಗೆ 8,000. ಧರ್ಮಸ್ಥಳ, ಹೊರನಾಡುಗಳಲ್ಲಿ ದೇವಸ್ಥಾನದ ಪ್ರಸಾದ ಊಟ ಇದೆಯೆಂದು ಊಟದ ಲೆಕ್ಕ ಪೂರ್ತಿ ಕಡಿಮೆ ಮಾಡಬೇಡಿ. ಸಾಲು ಉದ್ದವಿದ್ದ ದಿನ ವಯಸ್ಸಾದವರು ಹೋಟೆಲ್ಲೇ ಕೇಳುತ್ತಾರೆ.

ಇನ್ನೊಂದು ಕಡೆ, ಹತ್ತು ಜನ ಬಂದರೂ ಇಪ್ಪತ್ತು ಜನ ಬಂದರೂ ಅಷ್ಟೇ ಆಗುವ ಖರ್ಚು. ಮಿನಿ ಬಸ್ಸಿಗೆ ದಿನಕ್ಕೆ ಕನಿಷ್ಠ 250 ಕಿ.ಮೀ. ಬಾಡಿಗೆ, ಕಿ.ಮೀ.ಗೆ 32 ರೂ.ನಂತೆ ನಾಲ್ಕು ದಿನಕ್ಕೆ 32,000. ಓಡಿದ್ದು ಕಡಿಮೆಯಾದರೂ ಈ ಕನಿಷ್ಠ ಬಿಡುವುದಿಲ್ಲ, ಕೊನೆಯ ದಿನ ಮಧ್ಯಾಹ್ನಕ್ಕೇ ಬಿಟ್ಟರೂ ಅದು ಪೂರ್ತಿ ದಿನವೇ. ಡ್ರೈವರ್ ಬಾಟಾ 2,400, ಟೋಲ್ ಮತ್ತು ಪಾರ್ಕಿಂಗ್ 3,600. ಜೊತೆಗೆ ಹೋಗುವ ಮ್ಯಾನೇಜರನ ರೈಲು, ಊಟ, ವಸತಿ, ಸಂಬಳ ಸೇರಿ 12,000. ಬ್ಯಾನರ್, ಔಷಧಿ, ಫೋನು ಎಂದು 2,000. ಒಟ್ಟು 52,000.

ಈ 52,000ವನ್ನು ಎಷ್ಟರಿಂದ ಭಾಗಿಸಬೇಕು ಎನ್ನುವುದೇ ಇಲ್ಲಿನ ಪ್ರಶ್ನೆ. 25 ಜನರಾದರೆ ತಲಾ ಖರ್ಚು 10,080, 20 ಆದರೆ 10,600, 16 ಆದರೆ 11,250, 10 ಆದರೆ 13,200. ಇಳಿಕೆ ಸಮವಾಗಿಲ್ಲ ನೋಡಿ. ಹತ್ತು ಜನರಿದ್ದಲ್ಲಿ ಹನ್ನೊಂದನೆಯವನು ಬಂದರೆ ತಲೆಗೆ 473 ರೂ. ಇಳಿಯುತ್ತದೆ, 24 ಇದ್ದಲ್ಲಿ 25ನೆಯವನು ಬಂದರೆ ಇಳಿಯುವುದು 87 ಮಾತ್ರ. ಹಾಗಾಗಿ ಬಸ್ಸು ತುಂಬುತ್ತದೆಂದು ನಂಬಿ ದರ ಕಟ್ಟಿದರೆ ಜಾಹೀರಾತಿನಲ್ಲಿ ಇಳಿಸಬಹುದಾದ್ದು ಸ್ವಲ್ಪ, ಕೈಸುಡುವುದು ಬಹಳ. 25ರ ಅಸಲಿಗೇ ಮಾರಿ 16 ಜನ ಬಂದರೆ 18,720 ರೂ. ಕೈಯಿಂದ ಹೋಗುತ್ತದೆ.

ನಾನು ಭಾಗಿಸುವುದು ಸೀಟಿನ ಮೂರರಲ್ಲಿ ಎರಡು ಪಾಲಿಗಿಂತ ತುಸು ಕಡಿಮೆಗೆ. ಇಲ್ಲಿ ಬಸ್ಸಿಗೆ 26 ಸೀಟು, ಒಂದು ಮ್ಯಾನೇಜರನಿಗೆ, ಮಾರಲು 25. ಅದಕ್ಕೆ 16. ತಲಾ ಅಸಲು 11,250, ಅದರ ಮೇಲೆ ಶೇ. 10, ದುಂಡಗೆ 12,400. ಟೂರ್ ಆಪರೇಟರ್ ಸೇವೆಗೆ ಇನ್‌ಪುಟ್ ಕ್ರೆಡಿಟ್ ಇಲ್ಲದ ಶೇ. 5 ಜಿಎಸ್‌ಟಿ ಸೇರಿಸಿದರೆ ಗ್ರಾಹಕರಿಗೆ ಹೇಳುವ ದರ 13,020. ಕ್ರೆಡಿಟ್ ಸಿಗದ ಕಾರಣ ಕೋಣೆಯ ದರವನ್ನು ಅದರ ತೆರಿಗೆ ಸಮೇತವೇ ಅಸಲಿಗೆ ಹಿಡಿಯಬೇಕು.

ಈಗ ಪ್ರತಿ ತಲೆಯೂ ಸ್ಥಿರ ಖರ್ಚಿಗೆ ತರುವುದು 12,400 ಕಳೆ 8,000, ಅಂದರೆ 4,400. ಮುಂದಿನ ಎಲ್ಲ ತೀರ್ಮಾನಕ್ಕೂ ನಾನು ನೋಡುವುದು ಈ ಒಂದು ಅಂಕಿಯನ್ನೇ. 52,000 ಭಾಗಿಸು 4,400 ಎಂದರೆ 11.8. ಹನ್ನೆರಡು ಜನರಾದರೆ ನಷ್ಟವಿಲ್ಲ, 16ಕ್ಕೆ 18,400 ಉಳಿಯುತ್ತದೆ, 25ಕ್ಕೆ 58,000.

ಹತ್ತು ಜನರೇ ಆದರೆ? ಆಗ ವಾಹನ ಬದಲಾಗಬೇಕು. ಅದಕ್ಕೇ ಮೊದಲ ದಿನವೇ ಎರಡು ವಾಹನಗಳ ಕೊಟೇಶನ್ ತೆಗೆದಿಡುತ್ತೇನೆ. ಮ್ಯಾನೇಜರ್ ಸೇರಿ 12 ಜನ ಕೂರುವ ಟೆಂಪೋ ಟ್ರಾವೆಲರ್‌ಗೆ ಬಾಟಾ, ಟೋಲ್ ಎಲ್ಲ ಸೇರಿ 27,000 ಎಂದಿಟ್ಟುಕೊಳ್ಳಿ. ಸ್ಥಿರ ಖರ್ಚು 41,000ಕ್ಕೆ ಇಳಿಯಿತು, ಹತ್ತು ಜನರಿಗೂ 3,000 ಉಳಿಯಿತು. ಹನ್ನೊಂದಾದರೆ 7,400. ಹನ್ನೆರಡನೆಯವನು ಬಂದರೆ ಮಿನಿ ಬಸ್ಸು ಹಿಡಿಯಲೇಬೇಕು, ಉಳಿಯುವುದು 800! ಅಂಥ ಒಬ್ಬನನ್ನು ಮುಂದಿನ ಬ್ಯಾಚಿಗೆ ಬರುವಂತೆ ಒಪ್ಪಿಸಲು ನೋಡುತ್ತೇನೆ.

ಮೇಲಿನ ತುದಿಯಲ್ಲೂ ಇದೇ ತೊಡಕು. ಆಗುಂಬೆ ಘಾಟಿಯ ತಿರುವುಗಳಿಗೆ ದೊಡ್ಡ ಬಸ್ಸು ಆಗುವುದಿಲ್ಲ, ಹಾಗಾಗಿ 25 ದಾಟಿದರೆ ಎರಡನೇ ವಾಹನವೇ ಗತಿ. 28 ಜನರನ್ನು ಒಪ್ಪಿಕೊಂಡರೆ ಹೆಚ್ಚುವರಿ ಮೂವರು ತರುವುದು 13,200, ಟೆಂಪೋಗೆ ಹೋಗುವುದು 27,000. ಉಳಿತಾಯ 58,000ದಿಂದ 44,200ಕ್ಕೆ ಬೀಳುತ್ತದೆ. 32 ಜನ ಖಚಿತವಾಗದೆ ಎರಡನೇ ವಾಹನದಲ್ಲಿ ಲಾಭವಿಲ್ಲ. ಬುಕಿಂಗ್ ಜೋರಾಗಿದೆ ಎಂಬ ಖುಷಿಯಲ್ಲಿ ಹಣ ಕಳೆದುಕೊಳ್ಳುವುದು ಹೆಚ್ಚಾಗಿ 26ರಿಂದ 31ರ ನಡುವೆ.

ಡೊಂಬಿವಲಿ, ಮುಲುಂಡ್ ಕಡೆಯ ಸಂಘದವರು ಒಟ್ಟಾಗಿ ಕೇಳಿದಾಗ ಒಂದೇ ದರ ಹೇಳುವುದಿಲ್ಲ. ಎಷ್ಟು ಜನ ಎಂಬುದು ಅವರ ಕೈಯಲ್ಲಿದೆ, ಆದ್ದರಿಂದ ಸ್ಲ್ಯಾಬ್ ಕೊಡುತ್ತೇನೆ. ಪ್ರತಿ ಸ್ಲ್ಯಾಬಿನ ದರವನ್ನು ಅದರ ಅತಿ ಕಡಿಮೆ ಸಂಖ್ಯೆಗೆ ಕಟ್ಟಬೇಕು, ನಡುವಿನ ಸಂಖ್ಯೆಗಲ್ಲ. ಜಿಎಸ್‌ಟಿ ಬಿಟ್ಟು, 12ರಿಂದ 15ಕ್ಕೆ 13,600, 16ರಿಂದ 20ಕ್ಕೆ 12,400, 21ರಿಂದ 25ಕ್ಕೆ 11,600. ಇದರಲ್ಲೊಂದು ಕಿಂಡಿ ಇದೆ. 15 ಜನರ ಬಿಲ್ಲು 2,04,000, 16 ಜನರದ್ದು 1,98,400. ಒಬ್ಬ ಹೆಚ್ಚಾದರೆ ಒಟ್ಟು ಬಿಲ್ಲೇ ಕಡಿಮೆ! ಲೆಕ್ಕ ಬಲ್ಲ ಕಾರ್ಯದರ್ಶಿ ಹದಿನಾರನೆಯ ಹೆಸರೊಂದನ್ನು ಬರೆಸಿ ಆಮೇಲೆ ‘ಅವರಿಗೆ ಹುಷಾರಿಲ್ಲ’ ಎನ್ನಬಹುದು. ಹಾಗಾಗಿ ಸ್ಲ್ಯಾಬ್ ನಿರ್ಧಾರವಾಗುವುದು ಪೂರ್ತಿ ಹಣ ಕಟ್ಟಿದ ತಲೆಗಳ ಮೇಲೆ ಎಂದು ಕೊಟೇಶನ್ನಿನಲ್ಲೇ ಬರೆಯುತ್ತೇನೆ.

ಅದೇ ಕಾರ್ಯದರ್ಶಿಗೆ ಒಂದು ಸೀಟು ಫ್ರೀ ಕೇಳುವ ರೂಢಿಯೂ ಇದೆ. ಕೊಡಬಹುದು, ಆದರೆ ಅವರ 8,000 ಸ್ಥಿರ ಖರ್ಚಿಗೆ ಸೇರಿ ಅದು 60,000 ಆಗುತ್ತದೆ. ಹಣ ಕೊಡುವ 16 ಜನರಿಗೆ ಅಸಲು 11,750. ಹಳೆಯ 12,400ಕ್ಕೇ ಒಪ್ಪಿಕೊಂಡರೆ ನಷ್ಟ ತಪ್ಪಿಸಲು 12ರ ಬದಲು 14 ಜನ ಬೇಕು. ಬೆಸ ಸಂಖ್ಯೆಯಾಗಿ ಒಬ್ಬರಿಗೆ ಪ್ರತ್ಯೇಕ ಕೋಣೆ ಬಂದರೆ ಇನ್ನೊಂದು 2,700. ಅದನ್ನು ಅವರಿಂದಲೇ ಪಡೆಯಬೇಕು ಅಥವಾ ಮೂವರಿಗೊಂದು ಕೋಣೆ ಮಾಡಬೇಕು.

ಇನ್ನು ದಿನಾಂಕಗಳು. ರೈಲಿನ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು, ಒಂದು ಟಿಕೆಟ್ಟಿನಲ್ಲಿ ಆರು ಜನ. ಅಡ್ವಾನ್ಸ್ ಕೊಟ್ಟವರಿಗಷ್ಟೇ ಟಿಕೆಟ್ ತೆಗೆಯುತ್ತೇನೆ, ಬಂದಾರೆಂಬ ಅಂದಾಜಿಗಲ್ಲ. ಪ್ರವಾಸ ನಡೆಯುತ್ತದೋ ಇಲ್ಲವೋ, ಯಾವ ವಾಹನ ಎಂಬುದನ್ನು 20 ದಿನ ಮೊದಲು ತೀರ್ಮಾನಿಸುತ್ತೇನೆ. ವಾಹನದವರಿಗೂ ಕೋಣೆಯವರಿಗೂ ದೊಡ್ಡ ಮೊತ್ತ ಕೊಡುವುದು ಅದರ ನಂತರವೇ. ಆ ದಿನ ಹತ್ತಕ್ಕಿಂತ ಕಡಿಮೆ ಇದ್ದರೆ ಪೂರ್ತಿ ಹಣ ವಾಪಸ್, ರೈಲು ಟಿಕೆಟ್ ರದ್ದತಿಯ ಶುಲ್ಕ ನಮ್ಮದು.

ಆ ದಿನದ ನಂತರ ಯಾರಾದರೂ ಬಿಟ್ಟರೆ ಅವರ 4,400 ಕೈತಪ್ಪುತ್ತದೆ. ಆದ್ದರಿಂದ ವಾಪಸ್ ಕೊಡದ ಅಡ್ವಾನ್ಸ್ ಕನಿಷ್ಠ ಅಷ್ಟಿರಬೇಕು. ನಾನು 5,000 ಇಟ್ಟುಕೊಳ್ಳುತ್ತೇನೆ, ಮೇಲಿನ 600 ಟಿಕೆಟ್ ರದ್ದತಿಗೆ. ಬದಲಿಗೆ ಬೇರೊಬ್ಬರನ್ನು ಅವರೇ ಕೊಟ್ಟರೆ ಬಸ್ಸಿನ ಸೀಟು, ಕೋಣೆ ಆ ಹೊಸಬರಿಗೆ ಕೊಡಬಹುದು. ರೈಲು ಟಿಕೆಟ್ ಮಾತ್ರ ನೆರೆಮನೆಯವರ ಹೆಸರಿಗೆ ಬದಲಾಗದು, ಅದನ್ನು ಹೊಸದಾಗಿ ತೆಗೆದು ವ್ಯತ್ಯಾಸ ಕೇಳುತ್ತೇನೆ.