ಅಪ್ಪೆಮಿಡಿ ಮಾರಲು ಹೋಗಿ ಖಾತೆಗೆ ತಡೆ ಹಾಕಿಸಿಕೊಂಡದ್ದು

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಪ್ರತಿವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. 2024ರ ಮೇ ತಿಂಗಳಿನಲ್ಲಿ ಭರಣಿಗಳು ತುಂಬಿದ್ದವು, ಇನ್‌ಸ್ಟಾಗ್ರಾಮ್ ಖಾತೆಗೆ ಇದ್ದವರು ನಾನೂರು ಹಿಂಬಾಲಕರು. ಭಾವನ ಮಗ, "ಮಾವ, ಇದನ್ನೆಲ್ಲ ಕೈಯಲ್ಲಿ ಮಾಡುವವರು ಈಗ ಯಾರೂ ಇಲ್ಲ" ಎಂದು, ನಮ್ಮ ಪರವಾಗಿ ತಾನಾಗಿಯೇ ಲೈಕ್, ಕಾಮೆಂಟ್ ಹಾಕಿ ಹಿಂಬಾಲಕರನ್ನು ಹೆಚ್ಚಿಸುವ ಒಂದು ಸೇವೆಗೆ ಸೇರಿಸಿದ. ಅದು ಖಾತೆಯ ಹೆಸರನ್ನೂ ಪಾಸ್‌ವರ್ಡನ್ನೂ ತನ್ನ ಪುಟದಲ್ಲಿಯೇ ಕೇಳಿತು. ಆಗಲೇ ಎದ್ದು ಬರಬೇಕಿತ್ತು, ಬರಲಿಲ್ಲ.

ನಾವು ಕೊಟ್ಟ ಹ್ಯಾಶ್‌ಟ್ಯಾಗ್‌ಗಳನ್ನು ಹುಡುಕಿ ಅದು ದಿನಕ್ಕೆ ಇನ್ನೂರು ಲೈಕ್ ಒತ್ತುತ್ತಿತ್ತು, ಎಂಬತ್ತು ಜನರನ್ನು ಹಿಂಬಾಲಿಸುತ್ತಿತ್ತು, ಮೂವತ್ತು ಕಡೆ ಕಾಮೆಂಟ್ ಹಾಕುತ್ತಿತ್ತು. ಮೂರು ವಾರದಲ್ಲಿ ಹಿಂಬಾಲಕರು ಸಾವಿರ ದಾಟಿದರು. ಉಪ್ಪಿನಕಾಯಿ ಮಾತ್ರ ಮೊದಲಿನಷ್ಟೇ ಹೋಯಿತು. ಹೊಸಬರಲ್ಲಿ ಹೆಚ್ಚಿನವರು ನಮ್ಮಂತೆಯೇ ಯಂತ್ರ ಕಟ್ಟಿಕೊಂಡು ಮರಳಿ ಹಿಂಬಾಲಿಸಿದವರು. ಮಿಡಿ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ಜುಲೈ 16 ಬಂತು. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಚಿತ್ರಗಳನ್ನು ಜನ ಜಿಲ್ಲೆಯ ಹೆಸರಿನ ಹ್ಯಾಶ್‌ಟ್ಯಾಗ್ ಹಾಕಿ ಹಂಚುತ್ತಿದ್ದರು. ನಮ್ಮ ಖಾತೆ ಅಂಥ ಒಂದು ಚಿತ್ರದ ಕೆಳಗೆ "ತುಂಬಾ ಸುಂದರ ದೃಶ್ಯ!" ಎಂದು ಬರೆದಿತ್ತು. ಅದನ್ನು ನೋಡಿದ ಅಂಕೋಲೆಯ ಗಿರಾಕಿಯೊಬ್ಬರು ಫೋನ್ ಮಾಡಿ, "ಮನುಷ್ಯರೇ ಬರೆದದ್ದಾ ಇದು, ಹೆಗಡೇರೆ?" ಎಂದು ಕೇಳಿದರು. ಅಲ್ಲ ಎಂದರೂ ಮಾನ ಹೋಯಿತು, ಹೌದು ಎಂದರೂ ಹೋಯಿತು.

ಆ ವಾರವೇ ಪರದೆಯ ಮೇಲೆ `Try Again Later` ಬಂತು. ಒತ್ತಿದ ಲೈಕ್ ಉಳಿಯುತ್ತಿರಲಿಲ್ಲ. ಎರಡು ದಿನದ ಮೇಲೆ ಅದು ತಾನಾಗಿಯೇ ಸರಿಯಾದಾಗ ನಾನು ಯಂತ್ರವನ್ನು ಮತ್ತೆ ಬಿಟ್ಟೆ. ಈ ಸಲ ಬಂದದ್ದು `We suspect automated behavior on your account`. ಲಾಗಿನ್ ಇತಿಹಾಸ ತೆಗೆದು ನೋಡಿದರೆ ನಾನು ಕಾಲಿಡದ ಊರೊಂದರಿಂದ ನಮ್ಮ ಖಾತೆ ತೆರೆದಿತ್ತು. ಸೇವೆಯವರ ಸರ್ವರ್ ಅಲ್ಲಿತ್ತು. ರಾತ್ರಿ ಎರಡಕ್ಕೂ ಮಧ್ಯಾಹ್ನ ಎರಡಕ್ಕೂ ಒಂದೇ ಲಯದಲ್ಲಿ ಲೈಕ್, ನೂರಾರು ಕಡೆ ಅವೇ ನಾಲ್ಕು ವಾಕ್ಯ: ಇದನ್ನು ಗುರುತಿಸಲು ಜಾಣತನ ಬೇಕಾಗಿಲ್ಲ. ಇಂಥ ಲೈಕ್, ಫಾಲೋ, ಕಾಮೆಂಟ್‌ಗಳನ್ನು ತೆಗೆದುಹಾಕುವುದಾಗಿ ಇನ್‌ಸ್ಟಾಗ್ರಾಮ್ 2018ರ ನವೆಂಬರ್‌ನಲ್ಲಿಯೇ ಹೇಳಿತ್ತು. ಹೊರಗಿನ ತಂತ್ರಾಂಶಗಳಿಗೆಂದು ಅದು ಇಟ್ಟಿರುವ ಅಧಿಕೃತ ಬಾಗಿಲಿನಲ್ಲಿ ಬೇರೆಯವರ ಪೋಸ್ಟ್‌ಗೆ ಲೈಕ್ ಒತ್ತುವ, ಹಿಂಬಾಲಿಸುವ ಸೌಲಭ್ಯವೇ ಇಲ್ಲ. ಹಾಗಾಗಿ ಅದನ್ನು ಮಾಡಿಕೊಡುತ್ತೇವೆ ಎನ್ನುವವರು ಹಿತ್ತಿಲಿನಿಂದ ನುಗ್ಗಲೇಬೇಕು.

ಮೊದಲು ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯ ಲಾಗಿನ್ ಕಿತ್ತು, ಎರಡು ಹಂತದ ದೃಢೀಕರಣ ಹಾಕಿದೆ. ಹಳೆಯ ಕಾಮೆಂಟ್‌ಗಳನ್ನೆಲ್ಲ ಒಂದೇ ಸಲ ಕೂತು ಅಳಿಸಲು ಹೊರಟಾಗ ಮತ್ತೆ ತಡೆ ಬಿತ್ತು, ಏಕೆಂದರೆ ನೂರಾರು ಅಳಿಸುವುದೂ ಯಂತ್ರದ ಕೆಲಸದಂತೆಯೇ ಕಾಣುತ್ತದೆ. ಆಮೇಲೆ ದಿನಕ್ಕೆ ಇಪ್ಪತ್ತರಂತೆ ಅಳಿಸಿದೆ. ಎರಡು ವಾರ ಬೇರೇನೂ ಮಾಡಲಿಲ್ಲ. ಸೆಟ್ಟಿಂಗ್ಸ್‌ನ `Account Status` ಪುಟ ಸರಿಯಾಯಿತು, ಆದರೆ ಹಿಂಬಾಲಕರಲ್ಲದವರಿಗೆ ನಮ್ಮ ರೀಲ್ ತಲುಪುವುದು ಹಳೆಯ ಮಟ್ಟಕ್ಕೆ ಬರಲು ದೀಪಾವಳಿಯೇ ಆಯಿತು.

ಈಗಲೂ ಯಂತ್ರವಿದೆ. ತಾನಾಗಿ ಯಾರ ಮನೆಗೂ ಹೋಗದು, ನಮ್ಮಲ್ಲಿಗೆ ಬಂದವರಿಗೆ ಮಾತ್ರ ಉತ್ತರಿಸುತ್ತದೆ. ಖಾತೆಯನ್ನು ಬಿಸಿನೆಸ್ ಖಾತೆಯಾಗಿ ಬದಲಿಸಿ, ಇನ್‌ಸ್ಟಾಗ್ರಾಮ್‌ನ ಮಾಲೀಕ ಕಂಪನಿ ಮೆಟಾದ ಸ್ವಂತ ಲಾಗಿನ್ ಪುಟದ ಮೂಲಕ ಅನುಮತಿ ಕೊಟ್ಟಿದ್ದೇನೆ. ಪಾಸ್‌ವರ್ಡ್ ಯಾರ ಕೈಗೂ ಹೋಗಿಲ್ಲ, ಬೇಡವೆಂದಾಗ ಅನುಮತಿ ಕಿತ್ತರೆ ಮುಗಿಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುವುದೋ ಹೇಳುವಂತಿಲ್ಲ, ಆದ್ದರಿಂದ ಪೋಸ್ಟ್‌ಗಳನ್ನು ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಮೊದಲೇ ದಿನ, ಗಂಟೆ ಕೊಟ್ಟು ಇಟ್ಟಿರುತ್ತೇನೆ.

ನಮ್ಮ ಪೋಸ್ಟ್ ಕೆಳಗೆ ಯಾರಾದರೂ "ದರ" ಎಂದು ಬರೆದರೆ ಅವರಿಗೆ ದರಪಟ್ಟಿ ಖಾಸಗಿ ಸಂದೇಶವಾಗಿ ಹೋಗುತ್ತದೆ. ಒಂದು ಕಾಮೆಂಟಿಗೆ ಒಂದೇ ಸಂದೇಶ, ಅದೂ ಏಳು ದಿನದೊಳಗೆ. ಅವರು ಉತ್ತರಿಸಿದರೆ ಮುಂದಿನ ಸಂದೇಶ ಕಳಿಸಲು 24 ಗಂಟೆಯ ಅವಧಿ ತೆರೆಯುತ್ತದೆ. ಸುಮ್ಮನಿದ್ದರೆ ಯಂತ್ರ ಮತ್ತೆ ಕಾಡುವಂತಿಲ್ಲ. ಹಿಂಬಾಲಕರಲ್ಲದವರಿಗೆ ಸಂದೇಶ ರಿಕ್ವೆಸ್ಟ್ ವಿಭಾಗಕ್ಕೆ ಹೋಗಿ ಅಡಗಿಕೊಳ್ಳುವುದುಂಟು, ಅದಕ್ಕಾಗಿ ಕಾಮೆಂಟಿನ ಕೆಳಗೆ "ಸಂದೇಶ ಕಳಿಸಿದ್ದೇನೆ, ರಿಕ್ವೆಸ್ಟ್ ನೋಡಿ" ಎಂದು ಕೈಯಾರೆ ಬರೆಯುತ್ತೇನೆ.

ಮೊದಲು "ಬೆಲೆ" ಎಂಬ ಪದವನ್ನೂ ಕೊಟ್ಟಿದ್ದೆ. "ಈ ವರ್ಷ ಬೆಲೆ ಜಾಸ್ತಿಯಾಯಿತಲ್ಲ" ಎಂದು ಗೊಣಗಿದ ಹಳೆಯ ಗಿರಾಕಿಯೊಬ್ಬರಿಗೆ ಯಂತ್ರ ಅದೇ ಬೆಲೆಯ ಪಟ್ಟಿಯನ್ನು ಕಳಿಸಿತು. ಈಗ ಕಾಮೆಂಟಿನಲ್ಲಿ "ದರ" ಎಂಬ ಪದವೊಂದೇ ಇದ್ದರೆ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಮಿಡಿಗೆ ಉಪ್ಪು ಎಷ್ಟು, ಸೊನೆ ತೆಗೆಯಬೇಕೇ ಎಂಬ ಪ್ರಶ್ನೆಗಳು ಬಂದರೆ ಮೊಬೈಲನ್ನು ಒಳಗೆ ಒಯ್ದು ಆಯಿಯ ಮುಂದೆ ಹಿಡಿಯುತ್ತೇನೆ; ಅವಳು ಹೇಳುತ್ತಾಳೆ, ನಾನು ಟೈಪ್ ಮಾಡುತ್ತೇನೆ.