ಮೋಟರ್ ಆನ್ ಆದಾಗ ತಾಪಮಾನದ ರೀಡಿಂಗ್ ಕುಣಿಯುತ್ತಿದೆಯೇ?

ಕೆ ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ. 1 ಮಿಲಿವೋಲ್ಟ್ ಒಳನುಸುಳಿದರೂ ರೀಡಿಂಗ್ 24 ಡಿಗ್ರಿಯಷ್ಟು ತಪ್ಪಬಹುದು. ಹಾಗಾಗಿ ಸೆನ್ಸರ್ ಬದಲಿಸುವ ಮುಂಚೆ ಕೇಬಲ್ಲಿನ ಶೀಲ್ಡ್ ಎಲ್ಲೆಲ್ಲಿ ಅರ್ತ್ ಆಗಿದೆ ಎಂದು ನೋಡಿ.

ಯಂತ್ರದ ಬಳಿಯೂ ಪ್ಯಾನೆಲ್‌ನಲ್ಲೂ ಅರ್ತ್ ಆಗಿದ್ದರೆ, ಆ ಎರಡು ಅರ್ತ್‌ಗಳ ವೋಲ್ಟೇಜ್ ವ್ಯತ್ಯಾಸದಿಂದ ಶೀಲ್ಡ್‌ನಲ್ಲೇ ಕರೆಂಟ್ ಹರಿಯುತ್ತದೆ. ಶೀಲ್ಡ್‌ನ ಒಂದು ತುದಿ ಬಿಚ್ಚಿ ಮೋಟರ್ ಓಡಿಸಿ. ರೀಡಿಂಗ್ ಸ್ಥಿರವಾದರೆ ಕಳ್ಳ ಸಿಕ್ಕಂತೆ. ಥರ್ಮೋಕಪಲ್ ತುದಿ ಲೋಹದ ಕವಚಕ್ಕೇ ಬೆಸೆದಿದ್ದರೆ ಪ್ಯಾನೆಲ್ ಕಡೆಯದನ್ನು ಬಿಚ್ಚಿ, ಸೆನ್ಸರ್ ಕಡೆಯದನ್ನು ಉಳಿಸಿ. ಯಂತ್ರದ ಸುರಕ್ಷತಾ ಅರ್ತ್ ಮಾತ್ರ ದಯವಿಟ್ಟು ಮುಟ್ಟಬೇಡಿ.

ಆಮೇಲೂ ಕುಣಿತ ಉಳಿದಿದ್ದರೆ ಕೇಬಲ್ ದಾರಿ ನೋಡಿ: ಮೋಟರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಉದ್ದಕ್ಕೂ ಓಡಿದ್ದರೆ ಬೇರ್ಪಡಿಸಿ, ದಾಟಲೇಬೇಕಾದ ಕಡೆ ಅಡ್ಡಲಾಗಿ, ಲಂಬಕೋನದಲ್ಲಿ ದಾಟಿಸಿ.